ಬಿಡಿಭಾಗ ಇಲ್ಲದ ಯಂತ್ರ

ದಿಲೀಪನಂಥ ನಕ್ಷೆಗಾರ ಆಳಂದದಾಗ ಇನ್ನೊಬ್ಬ ಇರಲಿಲ್ಲ. ಇದು ಅಂವನ ಮಾತು ಅಲ್ಲ, ಮುರ್ತುಜಾ ಸೇಠರ ಮಾತು. ಅವರ ವರ್ಕ್‌ಶಾಪಿನಾಗ ತೊಗರಿ ರಾಶಿ ಮಾಡೋ ಯಂತ್ರ ತಯಾರಾಗ್ತಿದ್ದವು. ಮೊದಲು ಹಲಗಿ ಮ್ಯಾಲ, ಆಮ್ಯಾಲ ಕಂಪ್ಯೂಟರಿನಾಗ, ಎಲ್ಲಾ ನಕ್ಷೆ ದಿಲೀಪನ ಕೈಯಿಂದನೇ ಹೊಂಟಿದ್ದವು. ಈಗ ಸೇಠರಿಗೆ ವಯಸ್ಸಾತು, ಮಕ್ಕಳಿಗೆ ಈ ಧಂದಾ ಬ್ಯಾಡ, ವರ್ಕ್‌ಶಾಪ್ ಬಂದ್ ಆತು.

ಮಾವ ಪಾಂಡುರಂಗರು ಕರಜಗಿಯಿಂದ ಫೋನ್ ಮಾಡಿ, "ಇಲ್ಲಿ ಕಬ್ಬಿನ ಕಾಟಾದಾಗ ಒಂದು ಜಾಗಾ ಅದ, ಗಾಡಿ ತೂಗಿ ಚೀಟಿ ಕೊಟ್ರ ಸಾಕು, ಬರ್ರಿ ಅಳಿಯಂದಿರೆ," ಅಂದಿದ್ರು. ಪ್ರೀತಿಲೇ ಅಂದಿದ್ರು, ಖರೆ. ಆದ್ರ ಗೆರಿ ಎಳೆದು ಬದುಕಿದ ಮನುಷ್ಯಾಗ ಕಾಟಾದ ಮುಂದ ಕೂಡು ಅಂದ್ರ ಜೀವ ಹಿಂಡಿದಂಗಾತು. ಅಷ್ಟೊತ್ತಿಗೆ ಜೇವರ್ಗಿಯ ಒಂದು ಯಂತ್ರದ ಕಾರ್ಖಾನೆಯವರು ಕಂಪ್ಯೂಟರಿನಾಗ ನಕ್ಷೆ ತೆಗೆಯೋ ಕ್ಯಾಡ್ ಟೆಕ್ನಿಶಿಯನ್ ಬೇಕು ಅಂತ ಜಾಹೀರಾತು ಹಾಕಿದ್ರು. ಸುತ್ತಿನ ಮೂರು ತಾಲೂಕು ಹುಡುಕಿದ್ರೂ ಅಂಥಾ ಕೆಲಸ ಅದೊಂದೇ.

ಅರ್ಜಿಯ ಜೋಡಿ ಕಳಿಸೋ ಪತ್ರಾನ ದಿಲೀಪ ಬರೆದು ಅಳಿಸಿ, ಅಳಿಸಿ ಬರೆದ. ಇಂಗ್ಲಿಷಿನಾಗ ಬರೆದಿದ್ದ, ಅರ್ಥ ಇಷ್ಟು: 'ಬಿಡಿಭಾಗ ಬರಿಯೋರು ಭಾಳ ಮಂದಿ ಸಿಗ್ತಾರ. ನನ್ನ ಪರಿಣತಿ ಅಸೆಂಬ್ಲಿ ಮಾಡೆಲಿಂಗ್, ಅಂದ್ರ ಕಂಪ್ಯೂಟರಿನಾಗ ಯಂತ್ರದ ಜೋಡಣೆ. ಶಾಫ್ಟು, ಬೇರಿಂಗು, ಪುಲ್ಲಿ, ಜಾಳಿಗಿ, ಎಲ್ಲಾನೂ ಮೊದಲು ಸಣ್ಣ ಸಣ್ಣ ಜೋಡಣೆ ಮಾಡಿ, ಆಮ್ಯಾಲ ಇಡೀ ಯಂತ್ರದಾಗ ಕೂಡಿಸ್ತೇನಿ. ತಿರುಗೋದು ತಿರುಗ್ತದ, ನಿಲ್ಲೋದು ನಿಲ್ತದ. ಒಂದಕ್ಕೊಂದು ತಾಗ್ತದೇನು ಅಂತ ತಗಡು ಕೊಯ್ಯೋಕ್ಕಿಂತ ಮೊದಲೇ ನೋಡ್ತೇನಿ. ನನ್ನ ಜೋಡಣೆಯೊಳಗ ಒಂದು ಬೋಲ್ಟೂ ಕಡಿಮಿ ಬೀಳೂದಿಲ್ಲ.'

"ಇಷ್ಟು ಜಂಬ ಬೇಕೇನ್ರಿ?" ಅಂದ್ಲು ಹೆಂಡ್ತಿ ನೀತಾ.

"ಜಂಬ ಅಲ್ಲ, ಯಂತ್ರಾನೇ ತೋರಸ್ತೇನಿ," ಅಂದ.

ಜೇವರ್ಗಿಯಿಂದ ಕರೆ ಬಂತು, ಮಾಡಿದ ಕೆಲಸ ತಗೊಂಡು ಬರ್ರಿ ಅಂತ. ಸೇಠರ ಕಂಪ್ಯೂಟರ್ ಅವತ್ತೇ ಮಾರಾಟ ಆಗೋದಿತ್ತು. ಸೇಠರದು ಮೊದಲಿಂದ ಒಂದು ಕಾಯ್ದೆ: ನಕ್ಷೆ ಕಾಗದದ ಮ್ಯಾಲ ಹೊರಗ ಹೋಗಬೇಕು, ಫೈಲು ಹೋಗಬಾರದು. ಫೈಲು ಹೋದ್ರ ಡಿಸೈನು ಹೋತು ಅಂತ ಅವರ ಅಂಜಿಕಿ. ಹಿಂಗಾಗಿ ದಿಲೀಪ ತನ್ನ ಜನ್ಮದಾಗ ಒಂದೂ ಫೈಲು ಯಾರಿಗೂ ಕಳಿಸಿರಲಿಲ್ಲ. "ನಿಮ್ಮದೇನು ಬೇಕೋ ತಗೋರಿ ದಿಲೀಪ ಭಾಯ್, ಉಳಿದದ್ದು ಸಾಫ್ ಮಾಡಿ ಕೊಡ್ರಿ," ಅಂದ್ರು ಸೇಠರು. ದಿಲೀಪ ದೊಡ್ಡ ರಾಶಿ ಯಂತ್ರದ ಜೋಡಣೆ ಫೈಲನ್ನ ಪೆನ್‌ಡ್ರೈವಿಗೆ ಹಾಕ್ಕೊಂಡ. ಅಲ್ಲೇ ತೆರೆದೂ ನೋಡಿದ, ಯಂತ್ರ ಚಂದಾಗಿ ನಿಂತಿತ್ತು. ಆಮ್ಯಾಲ ತನ್ನ ಕೈಯಾರೆ ಇಡೀ ಕಂಪ್ಯೂಟರ್ ಅಳಿಸಿದ.

ಜೇವರ್ಗಿಯಾಗ ಡಿಸೈನ್ ವಿಭಾಗದ ಮುಖ್ಯಸ್ಥೆ ಮಂಜರಿ. ವಯಸ್ಸಿನಾಗ ಸಣ್ಣಾಕಿ, ಆದ್ರ ಮಾತು ಭಾಳ ಮರ್ಯಾದಿದು. "ಪತ್ರ ಚಲೋ ಬರ್ದೀರಿ ಸರ್. ಜೋಡಣೆ ಗೊತ್ತಿದ್ದೋರೇ ನಮಗ ಬೇಕಾಗ್ಯಾರ," ಅಂದು ಪೆನ್‌ಡ್ರೈವ್ ಹಾಕಿದ್ಲು.

ಪರದೆ ಮ್ಯಾಲ ಒಂದು ಪ್ರಶ್ನೆ ಬಂತು: ಈ ಭಾಗ ಸಿಗವಲ್ದು, ನೀವೇ ಹುಡುಕ್ತೀರೇನು? ಮಂಜರಿ ಇಲ್ಲ ಅಂತ ಒತ್ತಿದ್ಲು. ಮತ್ತೊಂದು ಭಾಗಕ್ಕ ಅದೇ ಪ್ರಶ್ನೆ. ಮತ್ತೊಂದಕ್ಕೂ ಅದೇ. ಕಡೀಗೆ ಎಡಕ್ಕ ಬರೇ ಹೆಸರು ಉಳಿದವು, ಶಾಫ್ಟು, ಪುಲ್ಲಿ, ಜಾಳಿಗಿ, ಎಲ್ಲಾ ಬೂದಿ ಬಣ್ಣದಾಗ. ಬಲಕ್ಕ ಖಾಲಿ.

ದಿಲೀಪಗ ಒಮ್ಮಿಗೇ ತಿಳೀತು. ಜೋಡಣೆ ಫೈಲಿನಾಗ ಭಾಗ ಇರೂದಿಲ್ಲ. ಯಾವ ಭಾಗ ಎಲ್ಲಿ ಕೂಡ್ತದ, ಹೆಂಗ ಕೂಡ್ತದ ಅನ್ನೋ ಲೆಕ್ಕ ಅಷ್ಟೇ ಇರ್ತದ. ಭಾಗ ಬ್ಯಾರೆ ಫೈಲಿನಾಗ ಇರ್ತಾವು, ಕಳಿಸೋ ಮುಂದ ಎಲ್ಲಾ ಕೂಡಿಸಿ ಗಂಟು ಕಟ್ಟಬೇಕು. ಇದು ಅಂವಗ ಗೊತ್ತಿರಲಿಲ್ಲೇನು? ಗೊತ್ತಿತ್ತು. ಕಟ್ಟೋ ಪ್ರಸಂಗನೇ ಬಂದಿರಲಿಲ್ಲ. ಆಳಂದದಾಗ ಯಂತ್ರ ಯಾಕ ಕಾಣ್ತು ಅಂದ್ರ, ಭಾಗ ಆವಾಗಿನ್ನೂ ಅದೇ ಕಂಪ್ಯೂಟರಿನಾಗ ಇದ್ದವು.

"ಇನ್ನೊಂದು ಪ್ರತಿ ಅದ ಏನ್ರಿ?" ಅಂದ್ಲು ಮಂಜರಿ.

"ಇಲ್ರಿ ಮೇಡಂ." ದಿಲೀಪ ಕುರ್ಚಿ ಮುಂದಕ್ಕ ಎಳಕೊಂಡ. "ನಿಮ್ಮ ಯಾವ ಭಾಗ ಬೇಕಾದ್ರೂ ಕೊಡ್ರಿ. ಇಲ್ಲೇ ಕೂತು ಜೋಡಿಸಿ ತೋರಸ್ತೇನಿ."

ಮಂಜರಿ ಪೆನ್‌ಡ್ರೈವ್ ತೆಗೆದು ಅಂವನ ಮುಂದ ಇಟ್ಲು. "ಜೋಡಸ್ತೀರಿ ಸರ್, ನನಗ ಅನುಮಾನ ಇಲ್ಲ. ಆದ್ರ ನಮ್ಮ ಫೈಲು ದಿನಾ ಹೈದರಾಬಾದಿಗೆ, ಪುಣೆಗೆ ತಗಡು ಕೊಯ್ಯೋರ ಕಡೆ ಹೋಗ್ತಾವು. ಇಲ್ಲಿ ಒಂದು ಭಾಗ ಬಿಟ್ರ ಅಲ್ಲಿ ಕೆಲಸ ನಿಲ್ತದ. ಈ ಜಾಗಾಕ್ಕ ನಾವು ಮೊದಲು ನೋಡೋದೇ ಅದನ್ನ. ನಾನು ಇವತ್ತು ಹೌದು ಅಂದ್ರ, ನಾಳೆ ಮ್ಯಾಲಿನವರಿಗೆ ಏನು ಹೇಳ್ಲಿ?"

ಆಕಿ ಜೋರು ಮಾಡಿದ್ರ ಜಗಳ ತೆಗೀಬಹುದಿತ್ತು. ಜೋರು ಮಾಡಲಿಲ್ಲ. ಆಕಿಯ ಜಾಗಾದಾಗ ನಾನಿದ್ರೂ ಹಿಂಗೇ ಅಂತಿದ್ದೆ ಅನ್ನೋದು ದಿಲೀಪನ ಎದಿಗೆ ನಟ್ಟಿತು. ತನ್ನ ಕಾಲ ಮ್ಯಾಲ ತಾನೇ ಕಲ್ಲು ಹಾಕ್ಕೊಂಡ ಮನುಷ್ಯಾ ಯಾರನ್ನ ಬೈಬೇಕು?

ಬಸ್‌ಸ್ಟ್ಯಾಂಡಿನಾಗ ನೀತಾಳ ಫೋನ್ ಬಂತು. "ಏನಾತ್ರಿ? ಯಂತ್ರ ನೋಡಿದ್ರೇನು?"

"ಇಲ್ಲ."

"ಯಾಕ, ಟೈಮ್ ಇರಲಿಲ್ಲೇನು ಅವರಿಗೆ?"

"ಯಂತ್ರ ಇಲ್ಲ ನೀತಾ. ನಾನೇ ಅಳಿಸಿ ಬಂದೇನಿ."

ಆಕಿಗೆ ತಿಳೀಲಿಲ್ಲ. ತಿಳಿಸಿ ಹೇಳಾಕ ಇಂವಗೂ ಧೈರ್ಯ ಸಾಲಲಿಲ್ಲ. ಕರಜಗಿ ಕಡೆ ಹೋಗೋ ಅಫಜಲಪುರದ ಬಸ್ ಬಂತು, ಮಂದಿ ನುಗ್ಗಿದ್ರು.

"ನಿಮ್ಮಪ್ಪಗ ಫೋನ್ ಮಾಡು," ಅಂದ ದಿಲೀಪ. "ಕಾಟಾದ ಜಾಗಾ ಯಾರಿಗೂ ಕೊಡಬ್ಯಾಡ ಅನ್ನು. ಇಲ್ಲಿಂದನೇ ಹೊಂಟೇನಿ."