ಅರ್ಧ ಗಂಟೆಯ ಸಭೆ

ಬೆಳಿಗ್ಗೆ ಒಂಬತ್ತೂವರೆಗೆ ತಾಲ್ಲೂಕು ಪಂಚಾಯಿತಿಯ ಇಒ ಗಂಗರಾಜು ಅವರ ಫೋನು ಬಂದಾಗ ಹರಿಣಿ ಶಿಡ್ಲಘಟ್ಟದ ಶಿಶು ಅಭಿವೃದ್ಧಿ ಕಚೇರಿಯಲ್ಲಿ ಸಭೆಯ ಕಡತ ಜೋಡಿಸುತ್ತಿದ್ದಳು.

"ಹನ್ನೊಂದಕ್ಕೆ ಮೀಟಿಂಗು ಅಲ್ವೇನಮ್ಮ? ಹನ್ನೊಂದೂವರೆಗೆ ಮುಗಿಸ್ಬೇಕು. ಚಿಕ್ಕಬಳ್ಳಾಪುರದಲ್ಲಿ ಡಿಸಿ ಸಾಹೇಬ್ರು ಕರೆದಿದಾರೆ. ಒಂದು ಗಂಟೆದು ಅರ್ಧ ಗಂಟೆ ಮಾಡು. ಯಾವುದು ಬಿಡ್ಬೇಕೋ ನೀನೇ ನೋಡಿ, ಎಲ್ರಿಗೂ ಹೇಳ್ಬಿಡು."

ಹೊಸ ಜಿಲ್ಲೆಯಾದ ಮೇಲೆ ಚಿಕ್ಕಬಳ್ಳಾಪುರದ ಕರೆಗಳು ಹೀಗೇ ಬರುತ್ತಿದ್ದವು. ಆದರೆ ಏನು ಬಿಡಬೇಕೆಂಬುದನ್ನು ಅಂಗನವಾಡಿ ಮೇಲ್ವಿಚಾರಕಿಯಾದ ಅವಳ ತಲೆಗೆ ಕಟ್ಟಿದ್ದು ಇದೇ ಮೊದಲು.

ಐದು ವಿಷಯಗಳಿದ್ದವು. ಪೋಲಿಯೋ ಭಾನುವಾರ ಬಂದೇಬಿಟ್ಟಿತ್ತು, ಅದನ್ನು ಬಿಡುವಂತಿರಲಿಲ್ಲ. ತೂಕದ ಯಂತ್ರ, ಬಾಡಿಗೆ ಕಟ್ಟಡ ಕಾಯಬಹುದು. ಉಳಿದದ್ದು ಎರಡು: ಮೇಲೂರಿನ ಶಾಲೆಯ ಬಿಸಿಯೂಟದ ಅಡುಗೆಮನೆ ಸೋರುವುದು, ಮತ್ತು ಅದೇ ಊರಿನ ಅಂಗನವಾಡಿಗೆ ಆ ಶಾಲೆಯ ಖಾಲಿ ಕೊಠಡಿ ಕೊಡುವುದು. ಎರಡನೆಯದು ಹರಿಣಿಯದೇ ವಿಷಯ. ರೇಷ್ಮೆಗೂಡು ಬೇಯಿಸಿದ ನೀರು ಹರಿಯುವ ಚರಂಡಿಯ ಪಕ್ಕದಲ್ಲಿತ್ತು ಆ ಅಂಗನವಾಡಿ. ಹುಳುವಿನ ನಾತಕ್ಕೆ, ಕೊಟ್ಟ ಊಟವನ್ನು ಮಕ್ಕಳು ಕಕ್ಕುತ್ತಿದ್ದವು. ಹೋದ ಎರಡು ಸಭೆಗಳಲ್ಲೂ ಕೊಠಡಿಯ ವಿಷಯ ಕೊನೆಯಲ್ಲಿದ್ದು ಕಾಫಿ ಬರುವಷ್ಟರಲ್ಲಿ ಎಲ್ಲರೂ ಎದ್ದು ಹೋಗಿದ್ದರು.

ಅಡುಗೆಮನೆಯ ಮೇಲೆ ಅವಳು ಗೀಟೆಳೆದಳು. ಫೆಬ್ರವರಿ, ಮಳೆ ಎಲ್ಲಿದೆ? ಸ್ವಾಗತ, ಹಾರ, ವಂದನಾರ್ಪಣೆಯನ್ನೂ ಕಿತ್ತುಹಾಕಿದಳು. ಪೋಲಿಯೋಗೆ ಹತ್ತು ನಿಮಿಷ, ಕೊಠಡಿಗೆ ಇಪ್ಪತ್ತು. ಆಮೇಲೆ ಒಬ್ಬೊಬ್ಬರಿಗೂ ಫೋನು ಮಾಡತೊಡಗಿದಳು.

ಅಡುಗೆಮನೆಯ ರಿಪೇರಿ ನೋಡಬೇಕಿದ್ದ ಇಂಜಿನಿಯರು ಖುಷಿಯಿಂದಲೇ, "ಹಂಗಾದ್ರೆ ನಂದು ಏನೂ ಇಲ್ಲ ಬಿಡಿ ಮೇಡಂ" ಎಂದರು. ಮೇಲೂರು ಗ್ರಾಮ ಪಂಚಾಯಿತಿ ಕಾರ್ಯದರ್ಶಿ ಸುನೀಲ್‌ಕುಮಾರ್ ಬರುತ್ತೇನೆಂದ. ಕೊನೆಗೆ ಮೇಲೂರಿನ ಹೆಡ್‌ಮಾಸ್ತರು ನಲ್ಲಪ್ಪನವರು ಸಿಕ್ಕರು.

"ಸಾರ್, ಮೀಟಿಂಗು ಅರ್ಧ ಗಂಟೆ ಅಷ್ಟೆ. ಪೋಲಿಯೋ, ಆಮೇಲೆ ಅಂಗನವಾಡಿ ಕೊಠಡಿ. ಸರಿಯಾಗಿ ಹನ್ನೊಂದಕ್ಕೆ."

"ನನ್ನ ಅಡುಗೆಮನೆ?"

"ಅದು ಮುಂದಿನ ತಿಂಗಳು ಸಾರ್. ಮಳೆಗೆ ಇನ್ನೂ ಟೈಮಿದೆಯಲ್ಲ."

"ಮಳೆ ಬಂದ್ಮೇಲೆ ಮೀಟಿಂಗು ಮಾಡ್ತೀರೇನಮ್ಮ? ಛತ್ರಿ ಹಿಡ್ಕೊಂಡು ಸಾರು ಕಾಯಿಸೋಕೆ?" ನಲ್ಲಪ್ಪ ನಕ್ಕರು, ನಗು ಬೇಗ ಆರಿತು. "ಕತ್ತರಿ ಯಾರ ಕೈಲಿತ್ತು?"

"ನನ್ನ ಕೈಲಿ, ಸಾರ್."

"ಅದಕ್ಕೇ ನಿನ್ನ ವಿಷಯ ಉಳ್ಕೊಂಡಿದೆ. ಸರಿ, ನಂಗೆ ಕ್ಲಾಸಿದೆ."

"ಸಾರ್, ಕೊಠಡಿ ನಿಮ್ಮ ಶಾಲೇದು, ನೀವಿಲ್ದೆ—"

ಫೋನು ಕಟ್ಟಾಗಿತ್ತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಆ ತಾಲ್ಲೂಕಿನಲ್ಲಿ ಹನ್ನೊಂದರ ಸಭೆ ಹನ್ನೊಂದಕ್ಕೇ ಶುರುವಾದದ್ದನ್ನು ಕಂಡವರಿರಲಿಲ್ಲ. ಅವತ್ತು ಶುರುವಾಯಿತು. ಗಂಗರಾಜು ಅವರ ಎದುರು ಹರಿಣಿ, ಸುನೀಲ್‌ಕುಮಾರ್, ಆಸ್ಪತ್ರೆಯಿಂದ ಬಂದ ಒಬ್ಬ ನರ್ಸು. ಉಳಿದ ಕುರ್ಚಿಗಳ ಮೇಲೆ ಫ್ಯಾನಿನ ಗಾಳಿ ಆಡುತ್ತಿತ್ತು. ಪೋಲಿಯೋ ಐದೇ ನಿಮಿಷಕ್ಕೆ ಮುಗಿಯಿತು.

"ಕೊಠಡಿ," ಎಂದಳು ಹರಿಣಿ.

"ಹೆಡ್‌ಮಾಸ್ಟ್ರು ಎಲ್ಲಮ್ಮ?"

"ಬಂದಿಲ್ಲ ಸಾರ್. ಪಂಚಾಯ್ತಿಯವ್ರು ಒಪ್ಪಿದಾರೆ. ಕೊಠಡಿ ವರ್ಷದಿಂದ ಬೀಗ ಹಾಕಿದೆ. ನೀವು ತೀರ್ಮಾನ ಮಾಡಿದ್ರೆ—"

"ನಾಳೆ ಅವ್ರ ಎಸ್‌ಡಿಎಂಸಿ ಕಮಿಟಿಯವ್ರು ನನ್ ಬಾಗಿಲಿಗೆ ಬಂದು ಕೂತ್ಕೊಂಡ್ರೆ? ಶಾಲೆಯವ್ರ ಒಪ್ಪಿಗೆ ಬೇಕು."

"ಈಗ್ಲೇ ಶಾಲೆಗೆ ಯಾರನ್ನಾದ್ರೂ ಕಳಿಸಿ ಫೋನು ಮಾಡಿಸ್ತೀನಿ, ಮೇಷ್ಟ್ರನ್ನ ಬಾಯಲ್ಲಿ ಕೇಳಿ ಸಾರ್."

"ಬಾಯಲ್ಲಿ ಹೇಳಿದ್ದಕ್ಕೆ ನಡಾವಳಿಯಲ್ಲಿ ಸಹಿ ಯಾರು ಹಾಕ್ತಾರೆ? ನೀನು ಹಾಕ್ತೀಯಾ? ಮುಂದಿನ ಸಭೆಗೆ ಇಡು."

ಹರಿಣಿ ಕಡತವನ್ನು ಅವರತ್ತ ತಳ್ಳಿದಳು. "ಮೂರನೇ ಸಲ ಸಾರ್ ಇದು."

"ನಾನೇನು ಮಾಡೋಕಾಗುತ್ತಮ್ಮ? ಜನ ಬರೋ ಹಾಗೆ ನೋಡ್ಕೋಬೇಕಿತ್ತು." ಗಂಗರಾಜು ಗಡಿಯಾರ ನೋಡಿದರು, ಮುಖ ಅರಳಿತು. "ಹತ್ತೇ ನಿಮಿಷ! ನೋಡಿದ್ಯಾ? ಇನ್ಮೇಲೆ ಎಲ್ಲಾ ಮೀಟಿಂಗೂ ಹಿಂಗೇ ಮಾಡು."

ಜೀಪು ಹೊರಟಿತು. ಸುನೀಲ್‌ಕುಮಾರ್ ಬಾಗಿಲಲ್ಲಿ ನಿಂತು ಹೇಳಿದ: "ನೀವೂ ಸೈ ಮೇಡಂ. ಅಡುಗೆಮನೆನೂ ಇಟ್ಟಿದ್ರೆ ಮೇಷ್ಟ್ರು ಓಡಿ ಬರ್ತಿದ್ರು. ಬಂದವ್ರ ಕೈಲಿ ಇದಕ್ಕೂ ಸಹಿ ಹಾಕಿಸ್ಬಹುದಿತ್ತು."

ಅದು ಅವಳಿಗೆ ನಲ್ಲಪ್ಪ ಫೋನಿಟ್ಟ ಕ್ಷಣದಲ್ಲೇ ಹೊಳೆದಿತ್ತು. ಈಗ ಇನ್ನೊಬ್ಬನ ಬಾಯಲ್ಲಿ ಕೇಳಿ ಮೈ ಉರಿಯಿತು. "ಗೊತ್ತಪ್ಪ, ಹೋಗು" ಎಂದಳು.

ಕೈಯಲ್ಲಿದ್ದ ಫೋನು ಅದುರಿತು. ಮೇಲೂರಿನ ಅಂಗನವಾಡಿಯ ಕಾರ್ಯಕರ್ತೆ ಓಬಳಮ್ಮ.

"ಏನಾಯ್ತು ಮೇಡಂ? ಮಕ್ಕಳ ಚಾಪೆ ಎಲ್ಲಾ ಸುತ್ತಿಟ್ಟಿದೀನಿ, ಇವತ್ತೇ ಹೋಗಣ ಅಂತ."

ಫೋನಿನಲ್ಲಿ ಅವಳ ಹಿಂದಿನಿಂದ ಮಗುವೊಂದು ಕೆಮ್ಮುವುದು ಕೇಳಿಸಿತು.

"ಬಿಚ್ಚಿ ಹಾಸು ಓಬಳಮ್ಮ," ಎಂದಳು ಹರಿಣಿ. "ನಾನು ಬಸ್ಸಿಗೆ ಬರ್ತಿದೀನಿ. ಮೊದ್ಲು ಹೆಡ್‌ಮಾಸ್ಟ್ರ ಹತ್ರ ಹೋಗಿ ಬೈಸ್ಕೋಬೇಕು."