ಮಳೆ ನಿಂತರೂ ಏರದ ಗೆರೆ

ಮಳೆ ಬಂದರೆ ಇಂಟರ್ನೆಟ್ ಲಿಂಕ್ ಬೀಳುತ್ತದೆ ಬಿಡಿ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಲಿಂಕ್ ಬೀಳುವುದಕ್ಕೆ ನೂರೆಂಟು ಕಾರಣಗಳಿವೆ. ಅವುಗಳಲ್ಲಿ ಮಳೆಯೇ ಹೆಚ್ಚು ಮರ್ಯಾದಸ್ಥ. ಬರುವಾಗ ಹೇಳಿ ಬರುತ್ತದೆ, ಹೋಗುವಾಗ ಕಿತ್ತುಕೊಂಡಿದ್ದನ್ನೆಲ್ಲ ವಾಪಸ್ ಕೊಟ್ಟು ಹೋಗುತ್ತದೆ. ಗಾಳಿಯ ಬುದ್ಧಿ ಬೇರೆ. ಗಾಳಿಗೆ ಡಿಶ್ ಒಂಚೂರು ತಿರುಗಿತೆಂದರೆ ಮರುದಿನ ಸುಡುಬಿಸಿಲು ಬಂದರೂ ಅದು ತಿರುಗಿಯೇ ಇರುತ್ತದೆ. ಯಾರಾದರೂ ಕಂಬ ಹತ್ತಿ, ಬೋಲ್ಟ್ ಸಡಿಲಿಸಿ, ಮತ್ತೆ ಸರಿಯಾದ ದಿಕ್ಕಿಗೆ ಕೂರಿಸುವ ತನಕ ಸಿಗ್ನಲ್ ಮೇಲೇಳುವುದಿಲ್ಲ. ಬಿದ್ದದ್ದು ಮಳೆಗೋ ಗಾಳಿಗೋ ಎಂದು ಹೇಳುವುದೇ ನನ್ನ ಕೆಲಸ. ಸರೋವರದ ಈ ದಡದಲ್ಲಿ, ಟವರ್ ಬುಡದ ಕೋಣೆಯಲ್ಲಿ, ಪರದೆಯ ಮೇಲೆ ಸಿಗ್ನಲ್ಲಿನ ಏರಿಳಿತ ತೋರಿಸುವ ಗೆರೆಗಳನ್ನು ನೋಡುತ್ತ ಕೂರುವವಳು ನಾನು. ಕಂಬ ಹತ್ತುವವನು ನನ್ನ ತಮ್ಮ. ಒಂದೇ ಕಂಪನಿಯಲ್ಲಿ ಅಕ್ಕ ಕೆಳಗೆ, ತಮ್ಮ ಮೇಲೆ ಎಂದು ಎಲ್ಲರೂ ನಗುತ್ತಿದ್ದರು.

ಅವತ್ತು ತಮ್ಮ ಆಚೆ ದಡದಲ್ಲಿದ್ದ, ಕೆಲಸಕ್ಕಲ್ಲ. ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಅಮ್ಮ ಮಲಗಿದ್ದಳು. ಇವತ್ತಿನ ದಿನ ದಾಟುವುದು ಕಷ್ಟ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು. ಸುದ್ದಿ ತಿಳಿದ ಕೂಡಲೇ ನಾನು ದೋಣಿಕಟ್ಟೆಗೆ ಓಡಿದೆ. ಗಾಳಿ ಎದ್ದಿದೆ, ಇವತ್ತು ದೋಣಿ ಬಿಡುವುದಿಲ್ಲ ಎಂದು ದೋಣಿಯವನು ಹೇಳಿದ. ಕೈ ಮುಗಿದೆ, ಜಗಳವಾಡಿದೆ, ಎರಡೂ ನಡೆಯಲಿಲ್ಲ. ಆಚೆ ಹೋಗಲು ಬೇರೆ ದಾರಿಯಿಲ್ಲ. ಕಟ್ಟೆಗೆ ಬಡಿದ ಅಲೆಗಳಿಗೆ ಒದ್ದೆಯಾದ ಬಟ್ಟೆಯಲ್ಲೇ ನನ್ನ ಕೋಣೆಗೆ ವಾಪಸ್ ಬಂದು ಕ್ಯಾಮೆರಾ ಹಚ್ಚಿದೆ. ಅಮ್ಮನಿಗೂ ನನಗೂ ನಡುವೆ ಉಳಿದಿದ್ದು ಈ ಟವರಿನಿಂದ ಆಸ್ಪತ್ರೆಯ ಕಂಬದ ಡಿಶ್‌ಗೆ ನಾವೇ ಹಾಕಿದ ಆ ಲಿಂಕ್ ಒಂದೇ.

ಫೋನಿನಲ್ಲಿ ಮಾತಾಡಬಹುದಿತ್ತಲ್ಲ ಎಂದು ಕೇಳುವವರಿಗೆ ಹೇಳುತ್ತೇನೆ: ಅಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ನಾವು ಹುಟ್ಟುವ ಮೊದಲೇ ಜ್ವರ ಬಂದು ಹೋದದ್ದು. ನಮ್ಮ ಮನೆಯಲ್ಲಿ ಮಾತೆಲ್ಲ ಕೈಯಲ್ಲೇ. ಆ ಕೈಮಾತನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ, ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅಮ್ಮನೇ ಕಟ್ಟಿಕೊಂಡದ್ದು. ನನ್ನ ಹೆಸರು ಹೇಳಬೇಕಾದರೆ ಮೂಗಿನ ತುದಿ ಮುಟ್ಟುತ್ತಿದ್ದಳು, ಕೋಪ ಸದಾ ಅಲ್ಲೇ ಕೂತಿರುತ್ತದೆ ಎಂದು. ತಮ್ಮನಿಗೆ ಕಿವಿ ಎಳೆಯುತ್ತಿದ್ದಳು. ಹೇಳಿದ್ದು ಯಾವುದನ್ನೂ ಕಿವಿಗೆ ಹಾಕಿಕೊಳ್ಳದವನು ಎಂದರ್ಥ. ಕಿವಿ ಕೇಳದವಳು ಕಿವಿ ಕೇಳುವವನನ್ನು ಕಿವುಡ ಎನ್ನುವುದು ನಮ್ಮ ಮನೆಯ ದೊಡ್ಡ ತಮಾಷೆಯಾಗಿತ್ತು.

ಮಧ್ಯಾಹ್ನ ಪರದೆಯಲ್ಲಿ ಅಮ್ಮನನ್ನು ನೋಡಿದೆ. ಮುಖ ಇಳಿದುಹೋಗಿತ್ತು. ಊಟ ಮಾಡಿದೆಯಾ ಎಂದು ಕೇಳಿದಳು, ಮಾಡಿದೆ ಎಂದು ಸುಳ್ಳು ಹೇಳಿದೆ. ತಲೆ ಒರೆಸಿಕೋ ಎಂದಳು. ಆಮೇಲೆ ನಿನಗೊಂದು ಮಾತು ಹೇಳಬೇಕು ಎಂದು ಕೈ ಎತ್ತಿದಳು. ಎತ್ತಿದ ಕೈ ಪರದೆಯಲ್ಲಿ ಹಾಗೆಯೇ ನಿಂತುಬಿಟ್ಟಿತು. ಚಿತ್ರ ಚೂರುಚೂರಾಗಿ ಕಪ್ಪಾಯಿತು. ಸರೋವರದ ಮೇಲೆ ಮಳೆ ಇಳಿದಿತ್ತು.

ನಾನು ಮೊದಲು ನೋಡಿದ್ದು ಗೆರೆಯನ್ನು. ಅಮ್ಮ ಸಾಯುತ್ತಿರುವಾಗ ಇವಳು ಗೆರೆ ನೋಡುತ್ತ ಕೂತಳೇ ಎಂದುಕೊಳ್ಳುವವರು ಎಂದುಕೊಳ್ಳಲಿ. ಆ ಗೆರೆ ಒಮ್ಮೆಗೇ ಮುರಿದು ಬಿದ್ದಿರಲಿಲ್ಲ. ಕಾಲು ಗಂಟೆಯಿಂದ ಏರುತ್ತ ಇಳಿಯುತ್ತ, ಒಟ್ಟಿನಲ್ಲಿ ಜಾರುತ್ತಲೇ ಬಂದಿತ್ತು. ನಮ್ಮದೇ ಇನ್ನೊಂದು ಲಿಂಕ್ ಅದೇ ನೀರಿನ ಮೇಲೆ, ಅದೇ ದಿಕ್ಕಿಗೆ, ಆಸ್ಪತ್ರೆಯಿಂದಾಚೆಗಿರುವ ಮೀನಿನ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ಅದರ ಗೆರೆಯೂ ಇದರ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಇಳಿದಿತ್ತು. ಬೇರೆ ಬೇರೆ ಕಂಬದ ಎರಡು ಡಿಶ್‌ಗಳು ಮಾತಾಡಿಕೊಂಡಂತೆ ಒಟ್ಟಿಗೆ ತಿರುಗುವುದಿಲ್ಲ. ಇದು ಮಳೆಯೇ, ನಡುವಿನ ದಾರಿಯಲ್ಲಿ ಹನಿಗಳು ಸಿಗ್ನಲ್ಲನ್ನು ಕುಡಿಯುತ್ತಿವೆ, ಮೋಡ ದಾಟಿದರೆ ತಾನಾಗಿ ಬರುತ್ತದೆ. ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ತಮ್ಮ ಎಲ್ಲಿ ಹೋದರೂ ಕೆಲಸದ ಚೀಲ ಜೊತೆಗಿರುತ್ತಿತ್ತು, ಅದರಲ್ಲಿ ಕಂಪನಿಯ ವಾಕಿಟಾಕಿಯೂ ಇತ್ತು. ಅದರ ಅಲೆಗಳು ಉದ್ದನೆಯವು, ಅವಕ್ಕೆ ಮಳೆ ಲೆಕ್ಕಕ್ಕಿಲ್ಲ. ಅವನ ದನಿ ಸ್ಪಷ್ಟವಾಗಿಯೇ ಬಂತು.

"ಅಕ್ಕ, ಗಾಳಿಗೆ ಡಿಶ್ ತಿರುಗಿದೆ. ಹತ್ತಿ ನೋಡ್ತೀನಿ."

"ತಿರುಗಿಲ್ಲ ಕಣೋ, ಮಳೆ ಅದು. ತಾನಾಗೇ ಬರುತ್ತೆ, ಮುಟ್ಟಬೇಡ."

ಅಲ್ಲಿ ಕಿಟಕಿ ಬಡಿದುಕೊಳ್ಳುವ ಹಾಗೆ ಗಾಳಿ ಬೀಸುತ್ತಿದೆ ಎಂದ. ಹೋದ ವರ್ಷ ಇಂಥದೇ ಗಾಳಿಗೆ ಇದೇ ದಡದ ಒಂದು ಡಿಶ್ ನಿಜವಾಗಿಯೂ ತಿರುಗಿತ್ತು, ಇವನೇ ಸರಿ ಮಾಡಿ ಶಭಾಷ್ ಅನ್ನಿಸಿಕೊಂಡಿದ್ದ. ಅಂದಿನಿಂದ ಅವನಿಗೆ ಎಲ್ಲಿ ನೋಡಿದರೂ ಗಾಳಿಯೇ. ಈ ಮಳೆಯಲ್ಲಿ ಡಿಶ್ ಮುಟ್ಟಿದರೆ ಕೆರೆದು ಹುಣ್ಣು ಮಾಡಿದಂತೆ ಎಂದು ರೇಗಿದೆ. ಸಿಗ್ನಲ್ ಅಳೆಯುವ ಮೀಟರಿನ ಮುಳ್ಳು ಮಳೆ ಹೆಚ್ಚುಕಡಿಮೆಯಾದಂತೆಲ್ಲ ಕುಣಿಯುತ್ತಿರುತ್ತದೆ, ಏರಿದ್ದು ತಿರುಗಿಸಿದ್ದಕ್ಕೋ ಹನಿ ತೆಳುವಾದದ್ದಕ್ಕೋ ಯಾರಿಗೂ ತಿಳಿಯುವುದಿಲ್ಲ ಎಂದೆ. ಅವನಿಗೂ ಇದೆಲ್ಲ ಗೊತ್ತಿತ್ತು. ಹೊಸಬರಿಗೆ ಇದನ್ನು ಕಲಿಸುತ್ತಿದ್ದವನೇ ಅವನು.

"ನೀನು ಅಮ್ಮನ ಹತ್ರ ಕೂತ್ಕೋ," ಎಂದೆ. "ನಾನು ಹೇಳಿದ್ದನ್ನ ನೀನು ಕೈಯಲ್ಲಿ ಹೇಳು. ಅವಳು ಹೇಳಿದ್ದನ್ನ ನನಗೆ ಬಾಯಲ್ಲಿ ಹೇಳು."

"ಅವಳಿಗೆ ನಿನ್ನ ಮುಖ ಬೇಕು ಅಕ್ಕ. ನಾನೇನು ಹೇಳಿದ್ರೂ ಮೂಗು ಮುಟ್ಟಿ ಪರದೆ ತೋರಿಸ್ತಾಳೆ. ಅದನ್ನ ನನ್ನಿಂದ ನೋಡೋಕಾಗ್ತಿಲ್ಲ."

ಆಮೇಲೆ ವಾಕಿಟಾಕಿಯಲ್ಲಿ ಗಾಳಿಯ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಕರೆದೆ, ಬೈದೆ, ಗೋಗರೆದೆ. ಸ್ವಲ್ಪ ಹೊತ್ತಿಗೆ ಉತ್ತರ ಪರದೆಯ ಮೇಲೆಯೇ ಬಂತು. ಲಿಂಕ್ ಬಿದ್ದಿದ್ದರೂ ಆಚೆಯಿಂದ ಬರುವ ಅಷ್ಟಿಷ್ಟು ಸಿಗ್ನಲ್ಲನ್ನು ನನ್ನ ಕಡೆಯ ರೇಡಿಯೋ ಅಳೆಯುತ್ತಲೇ ಇರುತ್ತದೆ. ಆ ಗೆರೆಯಲ್ಲಿ ಗರಗಸದ ಹಲ್ಲಿನಂತೆ ಏರಿಳಿತಗಳು ಮೂಡತೊಡಗಿದವು. ಕೋಲ್ಡ್ ಸ್ಟೋರೇಜಿನ ಗೆರೆಯಲ್ಲಿ ಅವು ಇರಲಿಲ್ಲ. ಅವನು ಕಂಬದ ಮೇಲಿದ್ದ, ಬೋಲ್ಟ್ ಸಡಿಲಿಸಿದ್ದ. ಮಿಂಚುವ ಆಕಾಶದ ಕೆಳಗೆ ಕಬ್ಬಿಣ ತಬ್ಬಿ ನಿಂತಿದ್ದ. ಒಂದು ಕಡೆ ಅಮ್ಮ, ಒಂದು ಕಡೆ ಅವನು, ನನ್ನ ಕೈಗೆ ಇಬ್ಬರೂ ಎಟುಕುತ್ತಿರಲಿಲ್ಲ.

ಮಳೆ ತೆಳುವಾಗತೊಡಗಿತು. ಎರಡೂ ಗೆರೆಗಳು ನಿಧಾನವಾಗಿ ಮೇಲೇಳತೊಡಗಿದವು.

"ಸಿಕ್ತು ಅಕ್ಕ," ಎಂದು ತಮ್ಮ ಕೂಗಿದ. "ಮುಳ್ಳು ಏರ್ತಿದೆ. ಬಿಗಿ ಮಾಡ್ತಿದೀನಿ."

ಬೇಡ ಎಂದು ನಾನು ಹೇಳುವಷ್ಟರಲ್ಲಿ ಬಿಗಿ ಮಾಡಿಯೂ ಆಗಿತ್ತು. ಏರುತ್ತಿದ್ದದ್ದು ಅವನು ತಿರುಗಿಸಿದ್ದಕ್ಕಲ್ಲ, ಮಳೆ ಹೋಗುತ್ತಿದ್ದದ್ದಕ್ಕೆ. ಕೋಲ್ಡ್ ಸ್ಟೋರೇಜಿನ ಗೆರೆ ಏರುತ್ತ ಏರುತ್ತ ಬೆಳಿಗ್ಗೆಯ ಮಟ್ಟ ತಲುಪಿತು. ಆ ಲಿಂಕ್ ಹಸಿರಾಯಿತು. ನಮ್ಮದು ಅರ್ಧಕ್ಕೆ ಬಂದು ನಿಂತಿತು. ಕಿಟಕಿಯಾಚೆ ನೀರಿನ ಮೇಲೆ ಬಿಸಿಲು ಬಿತ್ತು, ಆಗಲೂ ಗೆರೆ ಅಲ್ಲೇ ಇತ್ತು, ಅಡಿಕೋಲು ಇಟ್ಟು ಎಳೆದ ಹಾಗೆ ನೇರವಾಗಿ. ಮಳೆ ಹೀಗೆ ಅಲುಗಾಡದೆ ನಿಲ್ಲುವುದಿಲ್ಲ. ಬಿಗಿದ ಕಬ್ಬಿಣ ಮಾತ್ರ ಹೀಗೆ ನಿಲ್ಲುತ್ತದೆ. ಸುಮ್ಮನಿದ್ದಿದ್ದರೆ ಆ ಹೊತ್ತಿಗೆ ನಾನು ಅಮ್ಮನ ಮುಖ ನೋಡುತ್ತಿರುತ್ತಿದ್ದೆ. ನನಗೆ ತಮ್ಮನ ಮೇಲೆ ಬಂದ ಸಿಟ್ಟು ಎಂಥದ್ದೆಂದರೆ, ಅವನು ಎದುರಿಗಿದ್ದಿದ್ದರೆ ಕೆನ್ನೆಗೆ ಬಾರಿಸಿಯೇ ಬಿಡುತ್ತಿದ್ದೆ.

ಸಿಟ್ಟು ನುಂಗಿಕೊಂಡು ದಾರಿ ಹೇಳಿದೆ. ಡಿಶ್ ತಿರುಗಿಸುತ್ತ ಹೋದರೆ ಸಿಗ್ನಲ್ಲಿನ ಬಲ ನಡುವೆ ಒಂದು ದೊಡ್ಡ ಗುಡ್ಡದಂತೆ, ಅದರ ಅಕ್ಕಪಕ್ಕ ಪುಟ್ಟ ದಿಬ್ಬಗಳಂತೆ ಏರುತ್ತದೆ. ಅವನು ದಿಬ್ಬ ಹತ್ತಿ ಗುಡ್ಡ ಎಂದುಕೊಂಡಿದ್ದ. ಮತ್ತೆ ಸಡಿಲಿಸು, ಅಡ್ಡಕ್ಕೆ ಮಾತ್ರ ತಿರುಗಿಸು, ಮುಳ್ಳು ಪೂರ್ತಿ ಬಿದ್ದರೂ ಹೆದರದೆ ಅದೇ ಕಡೆ ಹೋಗು ಎಂದೆ. ಹೋದ. ಮುಳ್ಳು ಬಿತ್ತು. ಬಿದ್ದದ್ದು ನೋಡಿ ವಾಪಸ್ ತಿರುಗಿಸಿದ. ಹಳೆಯ ದಿಬ್ಬದ ಮೇಲೆಯೇ ನಿಂತ. ಅವನ ಆತುರ ನನಗೆ ಗೆರೆಯಲ್ಲೇ ಕಾಣುತ್ತಿತ್ತು. ಮತ್ತೆ ಹೇಳಿದೆ, ಪುಟ್ಟವನಿದ್ದಾಗ ಅಕ್ಷರ ತಿದ್ದಿಸಿದಂತೆ. ನಡುವೆ ಒಮ್ಮೆ ವಾಕಿಟಾಕಿಯಲ್ಲಿ ಕೆಳಗಿನಿಂದ ನರ್ಸ್ ಅವನನ್ನು ಕೂಗುವುದು ಕೇಳಿಸಿತು. ಒಂದೇ ನಿಮಿಷ ಸಿಸ್ಟರ್ ಎಂದ ತಮ್ಮ. ನಾನೂ ಹೋಗು ಎನ್ನಲಿಲ್ಲ, ಇನ್ನೊಂಚೂರು ಬಲಕ್ಕೆ ಎಂದೆ.

ಗೆರೆ ನೆಟ್ಟಗೆ ಎದ್ದಿತು. ಬೆಳಿಗ್ಗೆಯ ಮಟ್ಟಕ್ಕೆ ಬಂದು ನಿಂತಿತು. ಬಿಗಿ ಮಾಡು ಎಂದೆ. ಲಿಂಕ್ ಹಸಿರಾಯಿತು, ಪರದೆಯಲ್ಲಿ ವಾರ್ಡ್ ಬಂತು.

ಅಮ್ಮ ಅಲ್ಲಿಯೇ ಇದ್ದಳು. ಎರಡೂ ಕೈಗಳನ್ನು ಯಾರೋ ಹೊದಿಕೆಯ ಮೇಲೆ ಜೋಡಿಸಿಟ್ಟಿದ್ದರು. ಅಮ್ಮನ ಕೈಗಳು ಅಷ್ಟು ಅಚ್ಚುಕಟ್ಟಾಗಿ ಸುಮ್ಮನಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ನಿದ್ದೆಯಲ್ಲೂ ಅವು ಏನಾದರೂ ಅನ್ನುತ್ತಿದ್ದವು. ನರ್ಸ್ ಕ್ಯಾಮೆರಾದ ಹತ್ತಿರ ಬಂದರು. ತುಂಬ ಒಳ್ಳೆಯ ಹೆಂಗಸು. ಕೊನೆಯಲ್ಲಿ ಅಮ್ಮ ಕೈಯಲ್ಲಿ ತುಂಬ ಮಾತಾಡಿದರು, ನನಗೊಂದೂ ಅರ್ಥವಾಗಲಿಲ್ಲ, ಸುಮ್ಮನೆ ಹೂಂ ಹೂಂ ಎಂದು ತಲೆಯಾಡಿಸಿದೆ ಎಂದರು. ಆ ಕೈಮಾತು ತಿಳಿಯುವವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬಳು ಸರೋವರದ ಈಚೆ, ಒಬ್ಬ ಕಂಬದ ಮೇಲೆ. ನಾನು ಮೇಜಿಗೆ ಹಣೆ ಹಚ್ಚಿ ಅತ್ತೆ, ನರ್ಸ್ ನೋಡುತ್ತಾರೆ ಎಂಬ ನಾಚಿಕೆಯೂ ಇಲ್ಲದೆ.

ತಮ್ಮ ಬಂದ. ಬಟ್ಟೆಯಿಂದ ನೀರು ಸುರಿಯುತ್ತಿತ್ತು. ಕಂಬ ಹತ್ತುವ ಬೆಲ್ಟ್ ಕೂಡ ಬಿಚ್ಚಿರಲಿಲ್ಲ, ಬೆರಳ ಗೆಣ್ಣು ಸುಲಿದಿತ್ತು. ಅಮ್ಮನನ್ನು ನೋಡಿದ. ಹತ್ತಿರ ಹೋಗಲಿಲ್ಲ. ಆಮೇಲೆ ಕ್ಯಾಮೆರಾದ ಕಡೆ ತಿರುಗಿದ.

"ಅಕ್ಕ, ಗಾಳಿನೇ ಅಲ್ವಾ?" ಎಂದ. "ಗೆರೆ ನೋಡಿ ಹೇಳು. ಡಿಶ್ ತಿರುಗಿತ್ತು ತಾನೇ?"

ನನ್ನ ಎಡಗಡೆಯ ಪರದೆಯಲ್ಲಿ ಎಲ್ಲವೂ ಇತ್ತು. ಎರಡೂ ಗೆರೆಗಳು ಒಟ್ಟಿಗೆ ಇಳಿದದ್ದು, ಗರಗಸದ ಹಲ್ಲು, ಕೋಲ್ಡ್ ಸ್ಟೋರೇಜಿನದು ಮೇಲೇರಿದ ಮೇಲೂ ಇದು ಅಲ್ಲೇ ನಿಂತದ್ದು. ಅದನ್ನು ನೋಡಿದರೆ ನಿನ್ನೆ ಕೆಲಸಕ್ಕೆ ಸೇರಿದವರೂ ಹೇಳಿಬಿಡುತ್ತಿದ್ದರು. ಈ ಕೆಲಸದಲ್ಲಿ ನಾನು ಯಾರ ಮುಲಾಜಿಗೂ ಮಳೆಯನ್ನು ಗಾಳಿ ಎಂದವಳಲ್ಲ. ಕಂಪನಿಯ ಯಜಮಾನರೇ ಕೇಳಿದಾಗಲೂ ಎಂದಿಲ್ಲ.

"ಗಾಳಿನೇ ಕಣೋ," ಎಂದೆ. "ಚೆನ್ನಾಗೇ ತಿರುಗಿತ್ತು. ನೀನು ಹತ್ತದೇ ಇದ್ದಿದ್ರೆ ನನಗೆ ಅವಳ ಮುಖ ಇಷ್ಟೂ ಕಾಣ್ತಿರಲಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. ನಂಬಿದನೋ ಇಲ್ಲವೋ ನನಗೆ ತಿಳಿಯಲಿಲ್ಲ, ಇವತ್ತಿಗೂ ಕೇಳಿಲ್ಲ. ಹೋಗಿ ಅಮ್ಮನ ಪಕ್ಕದಲ್ಲಿ ಕೂತು, ಅವಳ ಕೈ ತೆಗೆದುಕೊಂಡು ತನ್ನ ತಲೆಯ ಮೇಲೆ ಇಟ್ಟುಕೊಂಡ.