ನೀರುಗಂಟಿಯ ಮಾತ್ರೆಗಳು

೧೯೯೫ನೆಯ ಇಸವಿ, ಜೂನ್ ಇಪ್ಪತ್ತು. ವಾರಕ್ಕೆ ಏಳರಂತೆ ಆರು ವಾರ, ಒಟ್ಟು ನಲವತ್ತೆರಡು ಮಾತ್ರೆ. ಅರಕೆರೆಯ ಡಾಕ್ಟರ್ ಫಕ್ರುನ್ನೀಸಾ ಮೈಸೂರಿನ ಮನೋವೈದ್ಯರಿಗೆ ಬರೆಯುತ್ತಿದ್ದ ಪತ್ರದಲ್ಲಿ ಅದನ್ನು ಕಾಣಿಸಿ, 'ಗುಣ ಕಂಡಿಲ್ಲ' ಎಂದು ಸೇರಿಸಿದರು. ಬೆಳಗಿನಿಂದ ರೋಗಿಗಳನ್ನು ನೋಡಿ ನೋಡಿ ಅವರ ಕಣ್ಣುಗಳು ಉರಿಯುತ್ತಿದ್ದವು.

ಎದುರಿಗೆ ನೀರುಗಂಟಿ ಮರಿಸ್ವಾಮಿ, ಪಕ್ಕದಲ್ಲಿ ಹೆಂಡತಿ ಮಾಯಮ್ಮ. ತೂಬು ತೆಗೆದು ಮುಚ್ಚಿ, ಗದ್ದೆಗಳಿಗೆ ಸರದಿಯಂತೆ ನಾಲೆಯ ನೀರು ಹರಿಸುವುದು ಅವನ ಕೆಲಸ. ಇರುಳೆಲ್ಲ ತಿರುಗುವವನಿಗೆ ನಿದ್ದೆ ಕೆಟ್ಟರೆ ಸೋಜಿಗವೇನೆಂದು ಮೊದಲು ಡಾಕ್ಟರೂ ಎಣಿಸಿದ್ದರು. ನಾಲೆ ನಿಂತು ತಿಂಗಳಾದರೂ ಅವನಿಗೆ ಮೂರು ಗಂಟೆಗೇ ಎಚ್ಚರವಾಗುತ್ತಿತ್ತು. ಊಟ ಸೇರದು, ಮೈ ಇಳಿದಿದೆ, ಯಾವುದರಲ್ಲೂ ಆಸಕ್ತಿಯಿಲ್ಲ. ಕುಡಿತವಿಲ್ಲ, ರಕ್ತಪರೀಕ್ಷೆಯಲ್ಲಿ ದೋಷವಿಲ್ಲ. ಎಲ್ಲವೂ ಪತ್ರಕ್ಕೆ ಏರಿತು.

"ಉಚ್ಚಿನ್ ಡಾಕ್ಟ್ರ ತಾವ್ಕೆ ಕಳುಸ್ತೀರಾ, ಡಾಕ್ಟ್ರಮ್ಮ?" ಎಂದಳು ಮಾಯಮ್ಮ.

"ಬೇಜಾರೂ ಒಂದು ಕಾಯಿಲೆ, ಮಾಯಮ್ಮ. ಅದಕ್ಕೂ ಡಾಕ್ಟ್ರಿದಾರೆ."

"ಬೇಜಾರಾ! ಮೂರೊತ್ತೂ ಗ್ವಾಡೆ ನೋಡ್ಕಂಡು ಕೂತಿರ್ತದೆ ಈ ಗಂಡ್ಸು. ನಾನೂ ಬೇಜಾರ್ ಮಾಡ್ಕಂಡು ಕೂತ್ರೆ ಎಮ್ಮೆ ಯಾರ್ ಕರಿಯೋರು?"

ಪತ್ರದಲ್ಲಿ ಒಂದು ಸಾಲು ಮಾತ್ರ ಉಳಿದಿತ್ತು: ಸಾಯುವ ಯೋಚನೆ ಉಂಟೆ? ಆರು ವಾರವೂ ಅದನ್ನು ಕೇಳಿರಲಿಲ್ಲ. ಕೇಳಿದ್ದಕ್ಕೆಲ್ಲ ಮಾಯಮ್ಮನೇ ಉತ್ತರ ಕೊಡುತ್ತಿದ್ದಳು. ಡಾಕ್ಟರು ಅವಳನ್ನು ಕಾಫಿ ತರಲು ಕಳುಹಿಸಿ, ಪೆನ್ನು ಕೆಳಗಿಟ್ಟರು.

"ಮರಿಸ್ವಾಮಿ, ಬದುಕೋದೇ ಬೇಡ ಅನ್ಸುತ್ತಾ?"

"ನೀವ್ ಕೊಟ್ಟ ಮಾತ್ರೆ ನುಂಗಿಲ್ಲ, ಡಾಕ್ಟ್ರಮ್ಮ. ಒಟ್ಗೆ ಬೇಕಾಯ್ತವೆ ಅಂತ ಮಡಗಿವ್ನಿ."

ಡಾಕ್ಟರು ಮತ್ತೆ ಪೆನ್ನು ಕೈಗೆತ್ತಿಕೊಂಡರು.

"ಅವ್ಳಿಗೆ ಏಳ್ಬ್ಯಾಡಿ."

"ಹೇಳ್ದೆ ಇರಕ್ಕಾಗಲ್ಲ. ನಿನ್ನೆದುರಿಗೇ ಹೇಳ್ತೀನಿ."

'ಗುಣ ಕಂಡಿಲ್ಲ' ಎಂಬುದನ್ನು ಹೊಡೆದುಹಾಕಿ ಅವರು ಬರೆದರು: 'ಮಾತ್ರೆ ಸೇವಿಸಿಲ್ಲ, ಸಾಯುವ ಉದ್ದೇಶದಿಂದ ಕೂಡಿಟ್ಟಿದ್ದಾನೆ. ಒಂಟಿಯಾಗಿ ಬಿಡುವಂತಿಲ್ಲ. ದಯವಿಟ್ಟು ಇಂದೇ ನೋಡಿ.' ಮೈಸೂರಿಗೆ ಫೋನು ಮಾಡಿ, ಮನೋವೈದ್ಯರು ಕಾದಿರುತ್ತಾರೆಂಬುದನ್ನು ಖಚಿತಪಡಿಸಿಕೊಂಡರು.

ಕಾಫಿ ಹಿಡಿದು ಬಂದ ಮಾಯಮ್ಮ ಎಲ್ಲವನ್ನೂ ನಿಂತೇ ಕೇಳಿದಳು. ಲೋಟಗಳನ್ನು ಮೇಜಿನ ಮೇಲಿಟ್ಟು, "ಎಲ್ ಮಡಗಿದ್ದೀಯ?" ಎಂದಳು.

"ಕೊಟ್ಗೆ ಸೂರ್ನಾಗೆ."

ಗಂಡನನ್ನು ಡಾಕ್ಟರ ಕಣ್ಣೆದುರಿಗೇ ಬಿಟ್ಟು ಮನೆಗೆ ಓಡಿದವಳು ತನ್ನ ತಮ್ಮ ಕುಳ್ಳಯ್ಯನನ್ನು ಕರೆದುಕೊಂಡು, ಒಂದು ತಗಡಿನ ಡಬ್ಬಿ ಹಿಡಿದು ಬಂದಳು. ಡಾಕ್ಟರು ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ಎಣಿಸಿದರು. ನಲವತ್ತು.

"ಎರಡು ಕಡಿಮೆ."

"ಮೊದಲ್ನೆ ಎಲ್ಡ್ ದಿನ ನುಂಗಿದ್ದೆ," ಎಂದ ಮರಿಸ್ವಾಮಿ. "ವಾಸಿಯಾಯ್ತದೆ ಅನ್ಕಂಡಿದ್ದೆ."

"ಏಳು, ಬಸ್ಸು ಬತ್ತದೆ," ಎಂದು ಮಾಯಮ್ಮ ಅವನ ರಟ್ಟೆ ಹಿಡಿದಳು. "ಉಚ್ಚಿನ್ ಡಾಕ್ಟ್ರೇ ಆಗ್ಲಿ, ಬುಡು."

ಕುಳ್ಳಯ್ಯ ಪತ್ರವನ್ನು ಜೇಬಿಗಿಟ್ಟುಕೊಂಡ. ಅವರು ಹೋದ ಮೇಲೆ ಡಾಕ್ಟರು ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಾತ್ರೆಯ ಲೆಕ್ಕ ಚುಕ್ತಾ ಆಗಿತ್ತು. ಒಂದು ಪ್ರಶ್ನೆಯನ್ನು ಆರು ವಾರ ಕೇಳದೆ ಬಿಟ್ಟ ತಮ್ಮ ಲೆಕ್ಕ ಬಾಕಿಯಿತ್ತು.